ಸಾವಯವ ಅಂದರೆ ಪ್ಯಾಕೆಟ್ ಹಸಿರೇ ಇರಬೇಕಾ?

ಇವತ್ತು ಮತ್ತೆ ಅದೇ ಮಾತು. ಹೊಸದೊಂದು ಸಾವಯವ ಆಹಾರದ ಬ್ರ್ಯಾಂಡಿಗೆ ಬಣ್ಣ ಗೊತ್ತು ಮಾಡಲು ಕೂತಿದ್ದೆವು. ನಾನು ಫೈಲ್ ತೆರೆಯುವ ಮೊದಲೇ ಬ್ರ್ಯಾಂಡಿನವರು ಹೇಳಿಬಿಟ್ಟರು: "ಮೇಡಂ, ಆರ್ಗ್ಯಾನಿಕ್ ಅಂದ್ಮೇಲೆ ಹಸಿರು ಇರಲೇಬೇಕಲ್ವಾ? ಹಸಿರು, ಆಮೇಲೆ ಆ ಕಂದು ಕಾಗದದ ಲುಕ್." ನಾನು ಎಷ್ಟು ವರ್ಷದಿಂದ ಪ್ಯಾಕೆಟ್ ಮೇಲಿನ ಬಣ್ಣಗಳ ಜೊತೆ ಗುದ್ದಾಡುತ್ತಿದ್ದೇನೆ ಅಂತ ನಿಮಗೆಲ್ಲ ಗೊತ್ತು. ಈ ಒಂದು ವಾಕ್ಯ ಕೇಳಿದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಹಸಿರಿನ ಮೇಲೆ ನನಗೆ ದ್ವೇಷ ಇಲ್ಲ. ಅದಕ್ಕಿರುವ ಶಕ್ತಿ ಗೊತ್ತಿರುವುದರಿಂದಲೇ ಕೋಪ ಬರುವುದು. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೊನಾಥನ್ ಶುಲ್ಟ್ ಒಂದು ಸಂಶೋಧನೆ ಪ್ರಕಟಿಸಿದರು. ಒಂದೇ ಕ್ಯಾಂಡಿ ಬಾರ್, ಅಷ್ಟೇ ಕ್ಯಾಲೊರಿ. ಕ್ಯಾಲೊರಿ ಬರೆದ ಚೀಟಿ ಮಾತ್ರ ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪು. ಹಸಿರು ಚೀಟಿ ನೋಡಿದವರಿಗೆ ಅದೇ ಬಾರ್ ಹೆಚ್ಚು ಆರೋಗ್ಯಕರ ಅನ್ನಿಸಿತು. ಒಂದು ಪುಟ್ಟ ಚೀಟಿಯ ಬಣ್ಣ ಇಷ್ಟು ಮಾಡುತ್ತದೆ ಅಂದರೆ ಅದನ್ನು ಲೆಕ್ಕ ಹಾಕಿ ಬಳಸಬೇಕು. ಇಡೀ ಪ್ಯಾಕೆಟ್ಟಿಗೆ ಬಳಿದುಬಿಟ್ಟರೆ ಅದು ಏನನ್ನೂ ವಿಶೇಷವಾಗಿ ಹೇಳುವುದಿಲ್ಲ, ಯಾಕೆಂದರೆ ಪಕ್ಕದಲ್ಲಿರುವ ಪ್ಯಾಕೆಟ್ಟೂ ಅದೇ ಬಣ್ಣದ್ದು, ಅದರ ಪಕ್ಕದ್ದೂ ಅಷ್ಟೇ.

"ಹಸಿರಿಲ್ಲದಿದ್ದರೆ ಗ್ರಾಹಕರಿಗೆ ಸಾವಯವ ಅಂತ ಗೊತ್ತಾಗುವುದು ಹೇಗೆ?" ಅಂತ ಕೇಳುತ್ತಾರೆ. ಮಾಮೂಲಿ ಕಪಾಟಿನಲ್ಲಿ, ಕೆಂಪು ಹಳದಿ ಪ್ಯಾಕೆಟ್‌ಗಳ ನಡುವೆ ನಿಮ್ಮದೊಂದೇ ಸಾವಯವ ಇದ್ದರೆ ಹಸಿರು ಕಣ್ಣಿಗೆ ಹೊಡೆಯುತ್ತದೆ, ಒಪ್ಪುತ್ತೇನೆ. ಆದರೆ ಬಹಳಷ್ಟು ಅಂಗಡಿಗಳಲ್ಲಿ ಸಾವಯವದ್ದನ್ನೆಲ್ಲ ಒಂದೇ ಕಡೆ ಜೋಡಿಸುತ್ತಾರೆ. ಅಲ್ಲಿಗೆ ಬಂದು ನಿಂತವರಿಗೆ ಇದು ಸಾವಯವ ಅಂತ ಆಗಲೇ ಗೊತ್ತು. ಅವರು ಹುಡುಕುತ್ತಿರುವುದು ಹಿಟ್ಟು ಯಾವುದು, ಬೇಳೆ ಯಾವುದು, ಹೋದ ತಿಂಗಳು ಒಯ್ದದ್ದು ಯಾವುದು ಅಂತ. ಅದಕ್ಕೆ ನಿಮ್ಮ ಹಸಿರಲ್ಲಿ ಉತ್ತರ ಇಲ್ಲ.

ಅದೂ ಅಲ್ಲದೆ, ಸಾವಯವ ಅಂತ ಹೇಳುವ ಕೆಲಸಕ್ಕೆ ಪ್ರಮಾಣೀಕರಣದ ಮುದ್ರೆ ಇದೆ. ಯುರೋಪಿಯನ್ ಒಕ್ಕೂಟದ ಎಲೆ ಗುರುತನ್ನೇ ನೋಡಿ, ನಕ್ಷತ್ರಗಳನ್ನು ಎಲೆಯ ಆಕಾರಕ್ಕೆ ಜೋಡಿಸಿದ್ದು. 2010ರ ಜುಲೈನಿಂದ ಅಲ್ಲಿ ತಯಾರಾದ ಪೊಟ್ಟಣ ಕಟ್ಟಿದ ಸಾವಯವ ಆಹಾರಕ್ಕೆ ಕಡ್ಡಾಯ. ಅದರ ಹಸಿರು ಯಾವುದು ಅಂತ ನಿಯಮದಲ್ಲೇ ಬರೆದಿದೆ: ಪ್ಯಾಂಟೋನ್ 376, ನಾಲ್ಕು ಬಣ್ಣದ ಮುದ್ರಣದಲ್ಲಾದರೆ ಸಯಾನ್ 50, ಹಳದಿ 100. ಇಂಥ ಮುದ್ರೆಯನ್ನು ಹಸಿರು ಪ್ಯಾಕೆಟ್ ಮೇಲೆ ಹಾಕಿದರೆ ಏನಾಗುತ್ತದೆ? ಎರಡು ಹಸಿರು ಒಂದನ್ನೊಂದು ನುಂಗುತ್ತವೆ, ಸುತ್ತ ಬಿಳಿ ಗೆರೆ ಎಳೆದು ಮುದ್ರೆಯನ್ನು ಬಿಡಿಸಿ ತೋರಿಸಬೇಕಾಗುತ್ತದೆ. ನಿಜವಾದ ಸಾಕ್ಷಿಯನ್ನು ಅಲಂಕಾರ ಮುಚ್ಚಿಹಾಕುತ್ತದೆ. ನನ್ನ ತಕರಾರೆಲ್ಲ ಇದೇ. ಹಸಿರನ್ನು ಮುದ್ರೆಗೆ ಬಿಟ್ಟುಕೊಡಿ, ಬ್ರ್ಯಾಂಡಿನ ಬಣ್ಣ ಒಳಗಿರುವ ಪದಾರ್ಥದ ಬಗ್ಗೆ ಮಾತಾಡಲಿ.

ಆ ತಿಳಿ ಹಸಿರಲ್ಲೇ ಅಕ್ಷರ ಬರೆಯುವವರೂ ಇದ್ದಾರೆ. ಪರದೆಯ ಮೇಲೆ ಆ ಹಸಿರು ಸುಮಾರಾಗಿ #84BD00. ಬಿಳಿಯ ಮೇಲೆ ಇದರ ಕಾಂಟ್ರಾಸ್ಟ್ 2.3ರ ಆಸುಪಾಸು. ವೆಬ್‌ನಲ್ಲಿ ಸಣ್ಣ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು ಅನ್ನುತ್ತಾರೆ. ಪ್ಯಾಕೆಟ್ಟಿಗೂ ನಾನು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ಏನೇನು ಹಾಕಿದ್ದಾರೆ ಅಂತ ಓದುವುದಕ್ಕೆ ಕನ್ನಡಕ ತೆಗೆದು ಹಾಕಿ ಕಷ್ಟಪಡುವ ಹಿರಿಯರನ್ನು ನೋಡಿದ್ದೀರಲ್ಲ? ಅದರಲ್ಲಿ ಅವರ ಕಣ್ಣಿನ ದೋಷ ಎಷ್ಟೋ, ಬಣ್ಣ ಆರಿಸಿದವರ ದೋಷವೂ ಅಷ್ಟೇ.

ಇನ್ನು ಕಂದು ಕಾಗದ. ಒಂದು ಮಾತು ಹೇಳಿಬಿಡುತ್ತೇನೆ, ನನ್ನ ಕೈಯೂ ಮೊದಲು ಅದರ ಕಡೆಗೇ ಹೋಗುತ್ತದೆ. ಬ್ಲೀಚ್ ಮಾಡದ ಕಾಗದ ನೋಡಿದರೆ ಒಳಗಿನದ್ದೂ ಹಾಗೇ, ಯಾರೂ ಕೈಯಾಡಿಸಿಲ್ಲ ಅನ್ನುವ ಭಾವನೆ ಬರುತ್ತದೆ. ಆ ನಂಬಿಕೆಯನ್ನು ದುರುಪಯೋಗ ಮಾಡಿಕೊಳ್ಳುವುದು ನನಗೆ ಸಹಿಸಲಾಗದ ವಿಷಯ. ಪ್ಲಾಸ್ಟಿಕ್ ಹಾಳೆಯ ಮೇಲೆ ಕ್ರಾಫ್ಟ್ ಕಾಗದದ ಚಿತ್ರ ಮುದ್ರಿಸಿ ಮಾರುವುದುಂಟು. ಅನುಮಾನ ಬಂದರೆ ಎರಡು ಪ್ಯಾಕೆಟ್ ಪಕ್ಕಪಕ್ಕ ಹಿಡಿಯಿರಿ. ನಾರಿನ ಎಳೆಗಳು ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇದ್ದರೆ ಅದು ಚಿತ್ರ. ಮೇಲಿನ ಅಂಟಿಸಿದ ಅಂಚಿನಲ್ಲಿ ಮಿಂಚುವ ಪ್ಲಾಸ್ಟಿಕ್ ಕೂಡ ಕಾಣಬಹುದು.

ನಿಜವಾದ ಕ್ರಾಫ್ಟ್ ಆದರೆ ಬೇರೆ ಪಜೀತಿ. ಮುದ್ರಣದ ಶಾಯಿ ಪಾರದರ್ಶಕ, ಹಿಂದಿನ ಕಾಗದದ ಬಣ್ಣ ಅದರೊಳಗಿಂದ ತೂರಿ ಬರುತ್ತದೆ. ಪರದೆಯ ಮೇಲೆ ಚಿಗುರಿನಂತೆ ಕಂಡ ಹಸಿರು ಪ್ರೂಫ್‌ನಲ್ಲಿ ಪಾಚಿ ಬಣ್ಣಕ್ಕೆ ತಿರುಗುತ್ತದೆ, ಹಳದಿ ಮಂಕಾಗಿ ಕಂದಿನೊಳಗೆ ಸೇರಿಹೋಗುತ್ತದೆ. ಬಣ್ಣ ಎಲ್ಲಿ ಎದ್ದು ಕಾಣಬೇಕೋ ಅಲ್ಲಿ ಮಾತ್ರ ಮೊದಲು ಬಿಳಿ ಶಾಯಿ ಹೊಡೆದು, ಅದರ ಮೇಲೆ ಬಣ್ಣ ಹಾಕಿಸಬೇಕು. ಇಲ್ಲದಿದ್ದರೆ ಗಾಢ ಕಂದು ಅಥವಾ ಕಪ್ಪು ಒಂದೇ ಶಾಯಿಯಲ್ಲಿ ಮುಗಿಸುವುದು ಮೇಲು.

ಇವತ್ತಿನವರಿಗೆ ನಾನು ಕೊಟ್ಟ ಬಣ್ಣಗಳು ಹೀಗಿವೆ. ಹಿನ್ನೆಲೆಗೆ ಕೆನೆ ಬಣ್ಣ, #F6EEDD. ಹಾಲುಬಿಳಿ ಬೇಡ ಅಂದೆ, ಆಹಾರದ ಮೇಲೆ ಅಚ್ಚ ಬಿಳಿ ಕಂಡರೆ ಪಾಲಿಶ್ ಮಾಡಿದ್ದು, ಔಷಧದಂಗಡಿಯದ್ದು ಅನ್ನಿಸುತ್ತದೆ. ಕಪ್ಪು ಹಿನ್ನೆಲೆಯೂ ಬೇಡ, ಅದು ದುಬಾರಿ ಉಡುಗೊರೆ ಅನ್ನುತ್ತದೆ, ಇವರದ್ದು ದಿನಾ ಬೇಯಿಸುವ ಪದಾರ್ಥ. ಹೆಸರಿಗೂ ಸಣ್ಣ ಅಕ್ಷರಕ್ಕೂ ಗಾಢ ಕಂದು, #3B2A1E. ಕೆನೆಯ ಮೇಲೆ ಕಾಂಟ್ರಾಸ್ಟ್ 12ರ ಹತ್ತಿರ ಬರುತ್ತದೆ. ಆಮೇಲೆ ಪದಾರ್ಥಕ್ಕೊಂದು ಅಗಲದ ಪಟ್ಟಿ. ಹಿಟ್ಟಿಗೆ ಗೋಧಿ ಬಣ್ಣ, ಬೇಳೆಗೆ ಇಟ್ಟಿಗೆ ಕೆಂಪು, ಚಹಾಕ್ಕೆ ದಟ್ಟ ಹಸಿರು. ಹೌದು, ಹಸಿರು ಅಲ್ಲಿದೆ, ಯಾಕೆಂದರೆ ಒಳಗಿರುವುದು ಎಲೆ. ಹಳದಿಯನ್ನು ಮಾತ್ರ ಬೇಕಂತಲೇ ಮಂಕು ಮಾಡಿದ್ದೇನೆ. ಹೊಳೆಯುವ ಹಳದಿ ಕೆಂಪಿನ ಪಕ್ಕ ಬಂದರೆ ಕಣ್ಣಿಗೆ ರಿಯಾಯಿತಿ ಚೀಟಿಯೋ ಕುರುಕಲು ತಿಂಡಿಯೋ ಕಂಡಂತಾಗುತ್ತದೆ.

ಇಟ್ಟಿಗೆ ಕೆಂಪು, ಹಸಿರು ಎರಡೂ ಒಂದೇ ಗಾಢತೆಯಲ್ಲಿದ್ದರೆ ಕೆಂಪು-ಹಸಿರು ಬಣ್ಣಗುರುಡು ಇರುವವರಿಗೆ ಬೇಳೆ ಯಾವುದು, ಚಹಾ ಯಾವುದು ತಿಳಿಯುವುದಿಲ್ಲ. ಹಾಗಾಗಿ ಇಡೀ ಸಾಲನ್ನು ಕಪ್ಪುಬಿಳುಪು ಮಾಡಿ ನೋಡಿದೆ. ಮೊದಲ ಸಲ ಎರಡೂ ಒಂದೇ ಬೂದಿ ಬಣ್ಣಕ್ಕೆ ಬಂದವು. ಹಸಿರನ್ನು ಇನ್ನಷ್ಟು ಗಾಢ ಮಾಡಿದ ಮೇಲೆ ಬೇರೆಬೇರೆಯಾಗಿ ನಿಂತವು.

ಅವರು ಸುಮ್ಮನೆ ನೋಡುತ್ತಾ ಕೂತಿದ್ದು, ಕೊನೆಗೆ "ಚೆನ್ನಾಗಿದೆ ಮೇಡಂ, ಆದ್ರೂ ಸ್ವಲ್ಪ ಹಸಿರು..." ಅಂದರು. ಮುದ್ರೆಯ ಮೇಲೆ ಬೆರಳಿಟ್ಟು ತೋರಿಸಿದೆ. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಅದಕ್ಕೆ ಎರಡೂ ಬಗೆಯದ್ದನ್ನು, ಅವರ ಹಸಿರಿನದ್ದು ಮತ್ತು ನನ್ನದು, ನಿಜವಾದ ಪ್ಯಾಕೆಟ್ ಹಾಳೆಯ ಮೇಲೇ ಮುದ್ರಿಸಿ ತರಿಸುತ್ತಿದ್ದೇನೆ. ಮೊದಲು 5000 ಕೆಲ್ವಿನ್ ಬೆಳಕಿನ ಪೆಟ್ಟಿಗೆಯಲ್ಲಿ ನೋಡುತ್ತೇವೆ, ಆಮೇಲೆ ಅಂಗಡಿಯ ಹಳದಿ ಬೆಳಕಿನಲ್ಲಿ, ಬೇರೆ ಸಾವಯವ ಪ್ಯಾಕೆಟ್‌ಗಳ ನಡುವೆ ಇಟ್ಟು, ನಾಲ್ಕು ಹೆಜ್ಜೆ ದೂರ ನಿಂತು. ಬೇಳೆ ಎಲ್ಲಿದೆ ಅಂತ ಅವರೇ ಹುಡುಕಿ ತೋರಿಸಲಿ.