‘ಅಸಲಿ’ ಅನ್ನೋ ಒಂದೇ ಪದ ನಾನು ಯಾಕೆ ಬರೆಯಲ್ಲ

ಕಳೆದ ಮಳೆಗಾಲ ಸೋಮವಾರಪೇಟೆ ಕಡೆಯ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಎರಡು ಫೋಟೋ ಕಳಿಸಿದ. ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಬೆಳ್ಳಿ ರೂಪಾಯಿ. ಆರನೇ ಜಾರ್ಜ್ ತಲೆ, ಹಿಂದೆ 1939. "ಅಣ್ಣಾ, ಅಸಲಿನಾ ನಕಲಿನಾ, ಅಷ್ಟು ಹೇಳಿ ಸಾಕು" ಅಂದ. ಯಾರೋ ಆಗಲೇ ದೊಡ್ಡ ಮೊತ್ತ ಹೇಳಿದ್ದರಂತೆ.

ನಾಣ್ಯ ಸಂಗ್ರಹಿಸುವವರಿಗೆ ಈ ಇಸವಿ ಗೊತ್ತು. 1938ರ ರೂಪಾಯಿ ಬೇಕಾದಷ್ಟು ಸಿಗುತ್ತದೆ, 1939ರದ್ದು ಬಲು ಅಪರೂಪ. ಹಾಗಾಗಿ ಕೆಲವರು ನಿಜವಾದ 1938ರ ನಾಣ್ಯವನ್ನೇ ತಗೊಂಡು, ಕೊನೆಯ 8ರ ಕೆಳಗಿನ ಸುತ್ತಿನ ಎಡಭಾಗವನ್ನು ಸಣ್ಣ ಉಳಿಯಿಂದ ಕೆತ್ತಿ ತೆಗೆದು 9 ಮಾಡುತ್ತಾರೆ. ಇಲ್ಲೇ ಇರೋದು ತೊಡಕು. ಇಂಥ ನಾಣ್ಯದಲ್ಲಿ ಬೆಳ್ಳಿ ಸರಿ, ತೂಕ ಸರಿ, ರಾಜನ ಮುಖ ಸರಿ. ಸುಳ್ಳು ಇರೋದು ಸಾಸಿವೆ ಕಾಳಿನಷ್ಟು ಜಾಗದಲ್ಲಿ.

ಅವನ ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಇಸವಿಯಲ್ಲಿ ಎರಡು 9 ಇವೆ, ಅಲ್ವಾ? ಮೊದಲ 9ರ ಬಾಲ ತೆಳ್ಳಗೆ, ದುಂಡಗೆ ಬಾಗಿ ಬಂದಿತ್ತು. ಎರಡನೆಯದರ ಬಾಲ ದಪ್ಪ, ತುದಿ ಮೊಂಡು. ಅದರ ಎಡಕ್ಕೆ ಸಣ್ಣ ಜಾಗವೊಂದು ಬಿಳಿಚಿಕೊಂಡಿತ್ತು. ಉಳಿದ ಕಡೆಯೆಲ್ಲ ಹಳೇ ಬೆಳ್ಳಿಯ ಕಪ್ಪು. ಹಾಗಂತ ತಕ್ಷಣ ‘ನಕಲಿ’ ಅಂತ ಬರೆದುಬಿಡೋಕೆ ಆಗಲ್ಲ. ಮಳೆ ಮೋಡದ ಮಬ್ಬಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋ ಅದು. ಫ್ಲ್ಯಾಶ್ ಉಬ್ಬುತಗ್ಗನ್ನೆಲ್ಲ ಚಪ್ಪಟೆ ಮಾಡುತ್ತದೆ. ಫೋನ್ ಕ್ಯಾಮೆರಾ ಚಿತ್ರವನ್ನು ಚೂಪು ಮಾಡೋಕೆ ಹೋಗಿ ಅಂಚಿಗೆ ತಾನೇ ಒಂದು ಬಿಳಿ ಗೆರೆ ಎಳೆಯುತ್ತದೆ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಸಣ್ಣ ಗೀರುಗಳನ್ನೇ ಅಳಿಸುತ್ತದೆ. ನಾನು ನೋಡಿದ ಬಿಳಿ ಜಾಗ ಉಳಿಯ ಗುರುತೂ ಇರಬಹುದು, ಕ್ಯಾಮೆರಾದ ಕೆಲಸವೂ ಇರಬಹುದು.

ಅವನಿಗೆ ಬರೆದದ್ದು ಇಷ್ಟು. "ಇದು ಆರನೇ ಜಾರ್ಜ್ ಕಾಲದ ಟಂಕಸಾಲೆಯ ನಾಣ್ಯವೇ ಅನ್ನೋದಕ್ಕೆ ನೂರಕ್ಕೆ 90ರಷ್ಟು ನಂಬಿಕೆ. ಇಸವಿ ತಿದ್ದಿದ್ದಾರೆ ಅನ್ನೋದಕ್ಕೆ ನೂರಕ್ಕೆ 70. ಕಾರಣ, ಎರಡು 9 ಒಂದೇ ಥರ ಇಲ್ಲ. ಅಂಚು ನಾನು ನೋಡಿಲ್ಲ, ತೂಕ ಗೊತ್ತಿಲ್ಲ. ಇಸವಿಯ ಫೋಟೋವನ್ನು ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ ತೆಗಿ. ಬೆಳಕು ಒಂದೇ ಬದಿಯಿಂದ ಬೀಳಲಿ. ನಾಣ್ಯವನ್ನು ಕಾಲು ಸುತ್ತು ತಿರುಗಿಸುತ್ತಾ ನಾಲ್ಕು ಫೋಟೋ ತೆಗೆದು, ಡಾಕ್ಯುಮೆಂಟ್ ಆಗಿ ಕಳಿಸು. ಅಲ್ಲಿವರೆಗೆ ಮಾರಬೇಡ."

ಅವನಿಗೆ ಬೇಜಾರಾಯಿತು. "ಸುಮ್ನೆ ಒಂದು ಮಾತು ಹೇಳೋಕೆ ಇಷ್ಟುದ್ದ ಯಾಕಣ್ಣಾ?"

ಯಾಕಂದ್ರೆ ‘ಬಹುಶಃ’ ಅಂತ ಬರೆದರೆ ಮಾರುವವನ ಕಿವಿಗೆ ಅದು ‘ಹೌದು’ ಅಂತ ಕೇಳುತ್ತದೆ, ಕೊಳ್ಳುವವನ ಕಿವಿಗೆ ‘ಇಲ್ಲ’ ಅಂತ. 70 ಅಂದರೆ ಇಬ್ಬರಿಗೂ ಒಂದೇ. ಇಂಥ ಹತ್ತು ಫೋಟೋ ನೋಡಿ 70 ಅಂದರೆ, ಏಳರಷ್ಟು ನಾನು ಹೇಳಿದಂತೆ ಆಗಬೇಕು, ಮೂರರಷ್ಟು ತಪ್ಪಬೇಕು. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಷ್ಟು ಅಂದೆ, ನಾಣ್ಯ ಕೈಗೆ ಬಂದಾಗ ಏನಾಯಿತು, ಎರಡನ್ನೂ ಅದರಲ್ಲಿ ಬರೆಯುತ್ತೇನೆ. ಅದಿಲ್ಲದಿದ್ದರೆ ಆ ಅಂಕೆಗೆ ಬೆಲೆಯೇ ಇಲ್ಲ.

ಇನ್ನೊಂದು ಕಾರಣವೂ ಇದೆ. ಕೆಲವು ವರ್ಷದ ಹಿಂದೆ ನಾನೇ ಒಬ್ಬರಿಗೆ ಫೋಟೋ ನೋಡಿ ಒಂದೇ ಪದದಲ್ಲಿ ‘ಅಸಲಿ’ ಅಂದಿದ್ದೆ. ಅವರು ಅದನ್ನೇ ತೋರಿಸಿ ಬೇರೆಯವರಿಗೆ ಮಾರಿದರು. ಅದು ಅಚ್ಚಿನಲ್ಲಿ ಎರಕ ಹೊಯ್ದ ನಕಲಿ ನಾಣ್ಯ. ಅಚ್ಚಿನ ಎರಡು ಹೋಳು ಕೂಡುವಲ್ಲಿ ಬೀಳುವ ಗೆರೆ ಅಂಚಿನ ಸುತ್ತ ಇತ್ತು. ನಾನು ಅಂಚಿನ ಫೋಟೋ ಕೇಳಿರಲೇ ಇಲ್ಲ. ನೋಡದ್ದನ್ನು ‘ನೋಡಿಲ್ಲ’ ಅಂತ ಬರೆದಿದ್ದರೆ, ದುಡ್ಡು ಕೊಟ್ಟವರು ಕೊಡುವ ಮೊದಲು ಅಂಚು ತಿರುಗಿಸಿ ನೋಡುತ್ತಿದ್ದರು. ಆ ಸಂಕಟ ಇನ್ನೂ ಹೋಗಿಲ್ಲ.

ಹುಡುಗ ಚಿನ್ನದಂಗಡಿಯಲ್ಲಿ ತೂಕ ಮಾಡಿಸಿದ. 11.6 ಗ್ರಾಂ ಬಂತು. ಟಂಕಸಾಲೆಯಿಂದ ಹೊಸದಾಗಿ ಬಂದಾಗ ಆ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಸ್ವಲ್ಪ ಸವೆದದ್ದಕ್ಕೆ ಅಷ್ಟು ಕಮ್ಮಿ ಸಹಜ. "ನೋಡಿ, ತೂಕ ಸರಿ ಇದೆ!" ಅಂತ ಖುಷಿಯಾಗಿ ಹೇಳಿದ. ತೂಕ ನೋಡಿ ಮೊದಲ ಅಂಕೆಯನ್ನು 95 ಮಾಡಿದೆ. ಎರಡನೆಯದು 70ರಲ್ಲೇ ನಿಂತಿತು. ತಿದ್ದಿದ 1938ರ ನಾಣ್ಯವೂ ಅಷ್ಟೇ ತೂಗುತ್ತದಲ್ಲ. ಎರಡು ಪ್ರಶ್ನೆಗೂ ಸೇರಿಸಿ ಒಂದೇ ಅಂಕೆ ಕೊಟ್ಟಿದ್ದರೆ, ಇಸವಿಗೆ ಸಂಬಂಧವೇ ಇಲ್ಲದ ತೂಕ ಇಸವಿಯ ಪರವಾಗಿ ಸಾಕ್ಷಿ ಹೇಳಿದಂತೆ ಆಗುತ್ತಿತ್ತು.

ಮೂರು ದಿನ ಬಿಟ್ಟು ಮಳೆ ಹೊಳವಾಯಿತು. ಕಿಟಕಿ ಬೆಳಕಿನ ನಾಲ್ಕು ಫೋಟೋ ಬಂದವು. ನಾಲ್ಕರಲ್ಲೂ ಆ ಜಾಗ ಸುತ್ತಲಿಗಿಂತ ತಗ್ಗು. ಬೆಳಕು ಬಲದಿಂದ ಬಿದ್ದಾಗ ನೆರಳು ಒಂದು ಬದಿಗೆ, ಎಡದಿಂದ ಬಿದ್ದಾಗ ಇನ್ನೊಂದು ಬದಿಗೆ. ಕ್ಯಾಮೆರಾ ಎಳೆದ ಗೆರೆ ಹೀಗೆ ಬೆಳಕಿನ ಜೊತೆ ಮಗ್ಗುಲು ಬದಲಿಸಲ್ಲ. 70 ಇದ್ದದ್ದನ್ನು 95 ಮಾಡಿದೆ. ಉಳಿದ ಐದನ್ನು ಭೂತಗನ್ನಡಿ ಹಿಡಿದು ನಾಣ್ಯವನ್ನೇ ನೋಡುವವರಿಗೆ ಬಿಟ್ಟಿದ್ದೇನೆ ಅಂತ ಬರೆದೆ.

ಅವನು ನಾಣ್ಯ ಮಾರಲಿಲ್ಲ. ಅಜ್ಜಿಯ ಟ್ರಂಕಿಗೇ ವಾಪಸ್ ಇಟ್ಟಿದ್ದಾನೆ, ನಾನು ಬರೆದದ್ದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೇ ಇಟ್ಟಿದ್ದಾನಂತೆ.