ಮನುಷ್ಯರ ದನಿ ಕೇಳೋಕೆ ಎಷ್ಟು ಗುಂಡಿ ಒತ್ತಬೇಕು?

ನೆಟ್‌ವರ್ಕ್ ಇಲ್ಲ ಅಂತ ಮೊಬೈಲ್ ಕಂಪನಿಗೆ ಫೋನ್ ಮಾಡಿದರೆ ಮೊದಲು ಹೊಸ ಪ್ಲಾನ್, ಆಮೇಲೆ ಕಾಲರ್ ಟ್ಯೂನ್. ದೂರಿನ ಸರದಿ ಕೊನೆಗೆ. ಇದು ಬೇಕಂತಲೇ ಮಾಡಿದ್ದು. ಮಾತಾಡುವ ಸಿಬ್ಬಂದಿಗೆ ಸಂಬಳ ಕೊಡಬೇಕು, ರೆಕಾರ್ಡ್ ಮಾಡಿದ ದನಿಗೆ ಬೇಡ ಅಲ್ವಾ! ಬ್ಯಾಲೆನ್ಸ್ ಕೇಳುವವರು ಮೆನುವಿನಲ್ಲೇ ಮುಗಿಸಿಕೊಳ್ಳಲಿ, ಒಪ್ಪೋಣ. ನಮ್ಮ ತೊಂದರೆ ಯಾವ ಗುಂಡಿಯಲ್ಲೂ ಇಲ್ಲವಲ್ಲ?

ಸುಮ್ನೆ 121ಕ್ಕೆ ಮಾಡಬೇಡಿ, ಅದು ಮಾಹಿತಿಗೆ. ದೂರಿಗೆ 198, ಅದು ಉಚಿತ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2012ರ ನಿಯಮದ ಪ್ರಕಾರ ಮೊದಲ ಹಂತದಲ್ಲಿ ಭಾಷೆ, ಎರಡನೆಯದರಲ್ಲಿ ವಿಷಯ. ಮೂರನೇ ಹಂತದಲ್ಲಿ ಸಿಬ್ಬಂದಿ ಜೊತೆ ಮಾತಾಡುವ ಆಯ್ಕೆ ಇರಲೇಬೇಕು. ಅಲ್ಲಿವರೆಗೆ ಸಿಟ್ಟಲ್ಲಿ ಕಟ್ ಮಾಡಬೇಡಿ. ಜನ ಸಿಕ್ಕ ಕೂಡಲೇ ನಿಮ್ಮ ದೂರಿಗೆ ಕೊಡುವ ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಕೆಲಸ ಆಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುವಾಗ ಅದನ್ನೇ ಕೇಳುತ್ತಾರೆ.