ಆರು ಜನರ ಒಂದು ಪೆಟ್ಟಿಗೆ

ನಮ್ಮ ಹಾಸ್ಟೆಲಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಊರಿತ್ತು. ಧಾರವಾಡದ ಸಪ್ತಾಪುರದ ಆ ಕಟ್ಟಡದ ಎರಡನೇ ಮಹಡಿಯಲ್ಲಿ ಬ್ಯಾಡಗಿ, ಸವಣೂರು, ರೋಣ, ನರಗುಂದ, ಶಿರಹಟ್ಟಿ ಎಂಬ ಐದು ಊರುಗಳು ಒಂದೇ ಬಕೆಟ್ಟಿನ ನೀರಿಗಾಗಿ ಬೆಳಗ್ಗೆ ಜಗಳವಾಡುತ್ತಿದ್ದವು. ಆರನೆಯ ಊರು ಹಾನಗಲ್ಲು, ಅಂದರೆ ನಾನು. ಇಂಥ ಆರು ಊರುಗಳು ಸೇರಿ 2009ರ ಮಳೆಗಾಲದಲ್ಲಿ ಒಂದು ಪ್ಲೇಸ್ಟೇಷನ್ 2, ಅಂದರೆ ಟಿವಿಗೆ ಜೋಡಿಸಿ ವಿಡಿಯೊ ಆಟ ಆಡುವ ಪೆಟ್ಟಿಗೆ, ಕೊಂಡವು.

ಧಾರವಾಡದ ಮಳೆಯೇ ಇದಕ್ಕೆ ಕಾರಣ. ಜುಲೈ ತಿಂಗಳಲ್ಲಿ ಮೈದಾನವೆಂಬುದು ಕೆಲಗೇರಿ ಕೆರೆಯ ತಮ್ಮನಂತೆ ಕಾಣುತ್ತಿತ್ತು. ಕ್ರಿಕೆಟ್ ಆಡಲಾಗದ ಹುಡುಗರು ಪಡಸಾಲೆಯಲ್ಲಿ ಕುಳಿತು ಎಷ್ಟು ದಿನ ಇಸ್ಪೀಟು ಆಡಿಯಾರು? ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಬಳಸಿದ ಕನ್ಸೋಲ್, ಎರಡು ರಿಮೋಟ್, ಒಂದು ಮೆಮೊರಿ ಕಾರ್ಡ್, ಮೂರು ಡಿಸ್ಕು ಎಲ್ಲಾ ಸೇರಿ 4,200 ರೂಪಾಯಿಗೆ ಸಿಗುತ್ತದೆಂಬ ಸುದ್ದಿಯನ್ನು ರೋಣ ತಂದ. ಆರು ಜನ, ತಲೆಗೆ 700. ಲೆಕ್ಕ ಎಷ್ಟು ಸಲೀಸಾಗಿ ಕುಳಿತಿತೆಂದರೆ, ಇದು ದೈವಸಂಕಲ್ಪವೇ ಇರಬೇಕೆಂದು ಶಿರಹಟ್ಟಿ ಕೈಮುಗಿದ.

ಸಲೀಸು ಅಲ್ಲಿಗೆ ಮುಗಿಯಿತು. ಸವಣೂರಿನ ಜೇಬಿನಲ್ಲಿ ಇದ್ದದ್ದು 400 ಮಾತ್ರ. ಬ್ಯಾಡಗಿಯ ತಂದೆಗೆ ಮೆಣಸಿನಕಾಯಿ ದಲಾಲಿ ಅಂಗಡಿ. ಅವನು ಒಂದು ಮಾತೂ ಆಡದೆ ಸಾವಿರ ರೂಪಾಯಿ ತೆಗೆದಿಟ್ಟ. ನಾವೆಲ್ಲ ಅವನ ಔದಾರ್ಯಕ್ಕೆ ಕರಗುತ್ತಿರುವಾಗಲೇ ಶಿರಹಟ್ಟಿ, “ಹಾಗಾದರೆ ಬ್ಯಾಡಗಿಗೆ ಹೆಚ್ಚು ಹೊತ್ತು ಆಡುವ ಹಕ್ಕು ಬರುತ್ತದೆಯೇ?” ಎಂದು ಕೇಳಿಬಿಟ್ಟ. ಸವಣೂರು ಮುಖ ಕೆಂಪಗೆ ಮಾಡಿಕೊಂಡು ತನ್ನ 400 ಹಿಂದಕ್ಕೆ ಎಳೆದುಕೊಳ್ಳಲು ಕೈಚಾಚಿದ.

ಇತ್ಯರ್ಥ ಮಾಡಿದವನು ಬ್ಯಾಡಗಿಯೇ. ಟ್ರಂಕಿನಿಂದ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕ ತೆಗೆದ. ಓದಲು ಬಂದ ಹುಡುಗ ಕಿರ್ದಿ ಪುಸ್ತಕ ಏಕೆ ತಂದಿದ್ದನೆಂದು ನಾವು ಕೇಳಲಿಲ್ಲ. ಬ್ಯಾಡಗಿಯವರು ಎಲ್ಲಿಗೆ ಹೋದರೂ ತರುತ್ತಾರೆ. “ನೋಡಿ, ಪಾಲು ಬೇರೆ, ಸಾಲ ಬೇರೆ. ಪಾಲು ಎಲ್ಲರದೂ 700. ಸವಣೂರು ನನಗೆ 300 ಕೊಡಬೇಕು. ಅದು ಅವನ ಮತ್ತು ನನ್ನ ನಡುವಿನ ಮಾತು, ಪೆಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ” ಎಂದು ಎರಡು ಬೇರೆ ಬೇರೆ ಪುಟಗಳಲ್ಲಿ ಬರೆದ. ಅಂದು ಇದನ್ನು ಒಂದೇ ಪುಟದಲ್ಲಿ ಬರೆದಿದ್ದರೆ ಸವಣೂರು ಆ ವರ್ಷವೆಲ್ಲ ಅರೆಪಾಲಿನ ಮಾಲೀಕನಂತೆ ಮೂಲೆಯಲ್ಲಿ ಕುಳಿತಿರುತ್ತಿದ್ದ. ಸಾಲ ತೀರಿದ್ದು ಹಣದಿಂದಲ್ಲ. ಮಿರ್ಚಿ ಭಜಿ ಮತ್ತು ಗಿರಮಿಟ್ಟಿನಿಂದ, ನಾಲ್ಕು ತಿಂಗಳಲ್ಲಿ. ಕೊನೆಯ ಪ್ಲೇಟಿಗೆ ಬ್ಯಾಡಗಿ ಕಿರ್ದಿಯಲ್ಲಿ ಅಡ್ಡಗೆರೆ ಎಳೆದದ್ದನ್ನು, ಗೆರೆಗೆ ಎಣ್ಣೆಯ ಬೆರಳು ತಾಗಿದ್ದನ್ನು ನಾನೇ ನೋಡಿದ್ದೇನೆ.

ಬೇಂದ್ರೆ ಬಸ್ಸಿನಲ್ಲಿ ಮೂವರು ಹೋಗಿ ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ತಂದೆವು. ಹಾಸ್ಟೆಲಿನ ಹಳೆಯ ಟಿವಿಗೆ ಹಿಂದೆ ಎರಡೇ ತೂತು, ನಮ್ಮ ತಂತಿಗೆ ಹಳದಿ, ಬಿಳಿ, ಕೆಂಪು ಎಂದು ಮೂರು ಬಾಯಿ. ಹಳದಿ ಚಿತ್ರಕ್ಕೆ, ಉಳಿದೆರಡು ಎಡ-ಬಲ ಕಿವಿಗಳ ಶಬ್ದಕ್ಕೆ ಎಂಬುದು ತಿಳಿಯುವವರೆಗೆ ಅರ್ಧ ಗಂಟೆ ಟಿವಿ ಬರೀ ಜೀರುಂಡೆಯಂತೆ ಗುಂಯ್ಗುಡುತ್ತಿತ್ತು. ಕೊನೆಗೆ ಕೆಂಪು ಬಾಯಿಯನ್ನು ಹಾಗೇ ನೇತಾಡಲು ಬಿಟ್ಟೆವು. ಎಡಗಿವಿಯ ಶಬ್ದ ಒಂದೇ ಬರುತ್ತಿತ್ತು. ಇಡೀ ವರ್ಷ ನಾವು ಅರ್ಧ ಪ್ರೇಕ್ಷಕರ ಚಪ್ಪಾಳೆಗೆ ಆಡಿದವರು.

ಇನ್ನು ಸರದಿ. ಗೆದ್ದವನು ಕುಳಿತಿರಬೇಕು, ಸೋತವನು ಏಳಬೇಕು ಎಂಬುದು ಮೊದಲ ವಾರದ ನಿಯಮ. ಕೇಳಲು ಗಂಡಸುತನದ ನಿಯಮ. ಆದರೆ ನರಗುಂದ ಒಮ್ಮೆ ಕುಳಿತರೆ ಊಟದ ಗಂಟೆಯವರೆಗೆ ಏಳುತ್ತಿರಲಿಲ್ಲ, ಸವಣೂರು ಕುಳಿತ ಜಾಗ ಬೆಚ್ಚಗಾಗುವ ಮೊದಲೇ ಎದ್ದು ಬರುತ್ತಿದ್ದ. ಎಲ್ಲರೂ 700 ಕೊಟ್ಟ ಪೆಟ್ಟಿಗೆಯಲ್ಲಿ ಒಬ್ಬ ದಿನಕ್ಕೆ ಎರಡು ಗಂಟೆ, ಇನ್ನೊಬ್ಬ ಹತ್ತು ನಿಮಿಷ. ಯಾರು ಆಟ ಕಲಿಯಬೇಕೋ ಅವರಿಗೇ ರಿಮೋಟ್ ಸಿಗದು, ಸಿಗದ್ದರಿಂದ ಕಲಿಯಲಾಗದು. ಹೀಗಾಗಿ ನಿಯಮ ಬದಲಿಸಿ ‘ಒಂದು ಸರದಿ ಎಂದರೆ ಒಂದು ಪಂದ್ಯ, ಗೆದ್ದರೂ ಸೋತರೂ ಏಳತಕ್ಕದ್ದು’ ಎಂದು ಕಿರ್ದಿಯಲ್ಲಿ ಬರೆದೆವು.

ಮರುದಿನ ನರಗುಂದ ತನ್ನ ಸರದಿಗೆ ಕ್ರಿಕೆಟ್ ಡಿಸ್ಕು ಹಾಕಿ, ಅತ್ಯಂತ ಶಾಂತಚಿತ್ತನಾಗಿ ಐದು ದಿನಗಳ ಟೆಸ್ಟ್ ಪಂದ್ಯವನ್ನು ಆರಿಸಿಕೊಂಡ.

“ಲೇ, ಇದೇನು?”

“ಒಂದು ಪಂದ್ಯ” ಎಂದ.

ಬರೆದವರು ನಾವೇ ಆದ್ದರಿಂದ ಬಾಯಿ ಕಟ್ಟಿಹೋಯಿತು. ಅವನೂ ಹೊಡೆಯುವ ಬ್ಯಾಟ್ಸ್‌ಮನ್ ಆಗಿದ್ದರೆ ಆ ಮಾತು ಬೇರೆ. ಪ್ರತಿ ಚೆಂಡನ್ನೂ ಬಿಡುವವನು, ಬಿಟ್ಟ ಮೇಲೆ ಮರುಪ್ರದರ್ಶನವನ್ನು ಪೂರ್ತಿ ನೋಡುವವನು. ಹನ್ನೊಂದು ಗಂಟೆಗೆ ವಾರ್ಡನ್ ಬಂದು ದೀಪ ಆರಿಸಿದಾಗ ಇನ್ನೂ ಮೊದಲ ದಿನದ ಚಹಾ ವಿರಾಮವೂ ಆಗಿರಲಿಲ್ಲ. ಪಂದ್ಯವನ್ನು ಕಾರ್ಡಿನಲ್ಲಿ ಉಳಿಸಿ, “ಉಳಿದದ್ದು ನಾಳೆ, ಸರದಿ ಮುಗಿದಿಲ್ಲ” ಎಂದು ಮಲಗಲು ಹೋದ.

ಆ ರಾತ್ರಿಯೇ ತುರ್ತು ಸಭೆ ಸೇರಿ ಪಂದ್ಯವನ್ನು ಬಿಟ್ಟು ಗಡಿಯಾರಕ್ಕೆ ಬಂದೆವು: ಸರದಿಗೆ ಅರ್ಧ ಗಂಟೆ. ಕೊನೆಯ ಎರಡು ನಿಮಿಷ ಆಟ ಉಳಿಸಲಿಕ್ಕೆ ಮೀಸಲು, ಅದೂ ಅರ್ಧ ಗಂಟೆಯ ಒಳಗೇ. ಇದು ಚೆನ್ನಾಗಿಯೇ ನಡೆಯಿತು, ಕರೆಂಟ್ ಇರುವಷ್ಟು ಹೊತ್ತು. ಹತ್ತೊಂಬತ್ತನೆಯ ನಿಮಿಷಕ್ಕೆ ಕರೆಂಟ್ ಹೋದರೆ ಉಳಿದ ಹನ್ನೊಂದು ನಿಮಿಷ ಯಾರದು? ಗೋಡೆಯ ಗಡಿಯಾರಕ್ಕೆ ಸೆಲ್ಲು, ಅದು ಕತ್ತಲಲ್ಲೂ ನಿಷ್ಠೆಯಿಂದ ಓಡುತ್ತಿತ್ತು. ಕೊನೆಗೆ ಕರೆಂಟ್ ಹೋದ ನಿಮಿಷವನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಕಿರ್ದಿಗೆ ಏರಿಸುವುದು, ಬಾಕಿ ನಿಮಿಷಗಳನ್ನು ಮರುದಿನ ಕೊಡುವುದು ಎಂದಾಯಿತು. ಬೇಸಿಗೆ ಹೊತ್ತಿಗೆ ನನಗೆ ಬರಬೇಕಾದ ಬಾಕಿ ಮೂರು ಗಂಟೆ ನಲವತ್ತು ನಿಮಿಷ. ಅದು ಇನ್ನೂ ಬಂದಿಲ್ಲ.

ಆದರೆ ಮನೆ ಮುರಿಯುವ ವಿಷಯ ಇದ್ದದ್ದು ರಿಮೋಟಿನಲ್ಲೂ ಅಲ್ಲ, ಗಡಿಯಾರದಲ್ಲೂ ಅಲ್ಲ; ಬೆಂಕಿಪೊಟ್ಟಣದಷ್ಟು ದೊಡ್ಡದಾದ ಕಪ್ಪು ಮೆಮೊರಿ ಕಾರ್ಡಿನಲ್ಲಿ. ಅದರ ಹೊಟ್ಟೆ ಎಂಟು ಎಂಬಿ. ಈಗಿನ ಮೊಬೈಲಿನ ಎರಡು ಫೋಟೊ ಅದರಲ್ಲಿ ಹಿಡಿಯುವುದು ಕಷ್ಟ. ಆದರೆ ಪೆಟ್ಟಿಗೆಯೊಳಗೆ ಬೇರೆಲ್ಲೂ ನೆನಪಿನ ಜಾಗವಿರಲಿಲ್ಲ, ಎಲ್ಲರ ಎಲ್ಲಾ ಸಾಧನೆಯೂ ಆ ಎಂಟರಲ್ಲೇ. ಸವಣೂರು ಫುಟ್ಬಾಲ್ ಆಟದಲ್ಲಿ ಒಂದು ಬಡ ತಂಡವನ್ನು ಹಿಡಿದು ಮೂರು ತಿಂಗಳು ಅರ್ಧ ಅರ್ಧ ಗಂಟೆಯಂತೆ ದುಡಿದು ಮೇಲಿನ ದರ್ಜೆಗೆ ತಂದಿದ್ದ. ಒಂದು ಸಂಜೆ ಶಿರಹಟ್ಟಿಗೆ ಸರದಿ ಮುಗಿಯಲು ಒಂದು ನಿಮಿಷ. ಹಳೆಯದರ ಮೇಲೆಯೇ ಬರೆಯಲೇ ಎಂದು ಪರದೆ ಕೇಳಿತು. ನಾವೆಲ್ಲ “ಬೇಗ, ಬೇಗ” ಎನ್ನುತ್ತಿದ್ದೆವು. ಅವನು ಬೇಗ ಹೂಂ ಎಂದ. ಹಳೆಯದು ಯಾರದು ಎಂಬುದನ್ನು ಓದಲಿಲ್ಲ.

ಸವಣೂರು ಅಂದು ಊಟ ಮಾಡಲಿಲ್ಲ. ಶಿರಹಟ್ಟಿ ಅವನ ಮಂಚದ ಪಕ್ಕದಲ್ಲಿ ಲೈನ್ ಬಜಾರಿನ ಕಾಲು ಕಿಲೋ ಪೇಡೆ ಇಟ್ಟು ಬಂದ. ಬೆಳಗ್ಗೆ ಪೇಡೆ ಖಾಲಿಯಾಗಿತ್ತು, ಮಾತು ಮಾತ್ರ ಬಂದಿರಲಿಲ್ಲ.

ಪೆಟ್ಟಿಗೆಗೆ ಕಾರ್ಡಿನ ಎರಡು ಬಾಯಿ ಇವೆ ಎಂಬುದು ಆಗ ನಮ್ಮ ಕಣ್ಣಿಗೆ ಬಿತ್ತು. ತಲೆಗೆ 40 ರೂಪಾಯಿ ಹಾಕಿ 240ಕ್ಕೆ ಇನ್ನೊಂದು ಕಾರ್ಡ್ ತಂದೆವು. ಹಂಚುವುದು ಹೇಗೆ? 1997ರಲ್ಲಿ ಧಾರವಾಡ ಜಿಲ್ಲೆಯಿಂದ ಹಾವೇರಿ, ಗದಗ ಬೇರೆಯಾದ ಹಾಗೆ ನಾವೂ ಬೇರೆಯಾದೆವು. ಬ್ಯಾಡಗಿ, ಸವಣೂರು, ಹಾನಗಲ್ಲು ಹಾವೇರಿ ಕಾರ್ಡಿಗೆ. ರೋಣ, ನರಗುಂದ, ಶಿರಹಟ್ಟಿ ಗದಗ ಕಾರ್ಡಿಗೆ. ಎರಡನ್ನೂ ಒಟ್ಟಿಗೆ ಚುಚ್ಚಿ, ಹಾವೇರಿಯವರ ಕಡತಗಳನ್ನು ಹಳೆಯ ಕಾರ್ಡಿನಿಂದ ಹೊಸದಕ್ಕೆ ನಕಲು ಮಾಡಿ, ಹಳೆಯದರಿಂದ ಅಳಿಸಿದೆವು. ಹಾಸ್ಟೆಲಿನಲ್ಲಿ ರಕ್ತಪಾತವಿಲ್ಲದೆ ನಡೆದ ವಿಭಜನೆ ಅದೊಂದೇ.

ಫೆಬ್ರುವರಿಯಲ್ಲಿ ರೋಣನಿಗೆ ಊರಿನ ಕಡೆಯೇ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ದಿನ, “ನನ್ನ 700” ಎಂದು ಕೈಚಾಚಿದ. ಬ್ಯಾಡಗಿ ಕಿರ್ದಿ ತೆಗೆದು ಓದಿದ: ‘ಬಿಟ್ಟು ಹೋಗುವವನಿಗೆ ಅಂದಿನ ಬೆಲೆಯ ಆರನೇ ಒಂದು ಪಾಲು.’ ನಿಯಮ ಸರಿಯಾಗಿಯೇ ಇತ್ತು. ಏಳು ತಿಂಗಳು ಆಡಿದವನಿಗೆ ಕೊಂಡ ಬೆಲೆಯನ್ನೇ ಕೊಟ್ಟರೆ ಸವೆತವೆಲ್ಲ ಉಳಿದ ಐವರ ತಲೆಗೆ. ಆದರೆ ಅಂದಿನ ಬೆಲೆ ಯಾವುದು? ಇಬ್ಬರು ಹುಬ್ಬಳ್ಳಿಗೆ ಹೋಗಿ ಅದೇ ಅಂಗಡಿಯಲ್ಲಿ ವಿಚಾರಿಸಿದರು. “ಕಾಕಾ, ಇಂಥದ್ದು ಈಗ ಎಷ್ಟು?” ಎಂದರೆ, “ಕೊಡುತ್ತೀರೋ, ಒಯ್ಯುತ್ತೀರೋ?” ಎಂದು ಅವರೇ ಕೇಳಿದರು. ಕೊಟ್ಟರೆ 2,000, ಒಯ್ದರೆ 3,000. ಪೆಟ್ಟಿಗೆ ಮಾರಿದರೆ ಕೈಗೆ ಬರುವುದು ಎರಡೇ ಸಾವಿರ ಎಂದು ನಾವು. ನನ್ನ ಪಾಲನ್ನು ನೀವು ಕೊಳ್ಳುತ್ತಿದ್ದೀರಿ, ಆದ್ದರಿಂದ ಕೊಳ್ಳುವವನ ಬೆಲೆ ಎಂದು ರೋಣ. ಎರಡೂ ನ್ಯಾಯವೇ. ನಡುವೆ ಹಿಡಿದು 2,500 ಎಂದೆವು. ಆರನೇ ಪಾಲು 416 ರೂಪಾಯಿ 66 ಪೈಸೆ.

ನಮ್ಮಲ್ಲಿ ಕೂಡಿದ್ದು 400. ಹದಿನಾರು ರೂಪಾಯಿ ಅರವತ್ತಾರು ಪೈಸೆಗಾಗಿ ಐವರೂ ಜೇಬು ತಡಕಾಡುತ್ತಿರುವಾಗ ರೋಣ ದೊಡ್ಡ ಮನಸ್ಸು ಮಾಡಿ, “ಇರಲಿ ಬಿಡಿ, ನೆನಪಿಗೆ ಆ ಹಳೆಯ ಕಾರ್ಡ್ ಒಯ್ಯುತ್ತೇನೆ. ನಿಮಗೆ ಹೊಸದೇ ಇದೆಯಲ್ಲ” ಎಂದ. ಶಿರಹಟ್ಟಿಯ ಕಣ್ಣು ಒದ್ದೆಯಾಯಿತು. ನಾನೇ ಅದನ್ನು ಪೆಟ್ಟಿಗೆಯಿಂದ ಕಿತ್ತು, ಅಂಗಿಯ ಚುಂಗಿನಲ್ಲಿ ಒರೆಸಿ, ಅವನ ಕೈಗೆ ಕೊಟ್ಟೆ.

ಅದು ಗದಗ ಜಿಲ್ಲೆಯ ಕಾರ್ಡ್ ಎಂಬುದು ಹೊಳೆದದ್ದು ರಾತ್ರಿ ಎಂಟಕ್ಕೆ. ನರಗುಂದ ಸ್ನಾನ ಮಾಡಿ, ತಲೆ ಬಾಚಿಕೊಂಡು, ಏಳು ತಿಂಗಳಿಂದ ನಡೆದಿದ್ದ ತನ್ನ ಟೆಸ್ಟ್ ಪಂದ್ಯದ ನಾಲ್ಕನೆಯ ದಿನದಾಟಕ್ಕೆಂದು ರಿಮೋಟ್ ಹಿಡಿದು ಕುಳಿತ.